ಗಾಳಿ ಎಳೆಯುವ ಪಂಪು

ಮೋಟಾರು ಗುಂಯ್ ಎಂದು ತಿರುಗುತ್ತಿದ್ದರೂ ಮೇಲಿನ ಟ್ಯಾಂಕಿಗೆ ಒಂದು ಹನಿ ನೀರು ಬೀಳದಿದ್ದರೆ ಅದಕ್ಕಿಂತ ಹೊಟ್ಟೆ ಉರಿಸುವ ವಿಷಯ ಇನ್ನೊಂದಿಲ್ಲ. ಕೆಟ್ಟು ಕೂತ ಮೋಟಾರಾದರೂ ವಾಸಿ, ತಾನು ಕೆಟ್ಟಿದ್ದೇನೆ ಎಂದು ಒಪ್ಪಿಕೊಂಡಿರುತ್ತದೆ. ಓಡುತ್ತಾ ನೀರು ಎತ್ತದ ಪಂಪು ಹಾಗಲ್ಲ, ಮಾತು ಬಹಳ, ಕೆಲಸ ಸೊನ್ನೆ ಅನ್ನುವ ಜಾತಿ. ಹೆರಿಗೆ ಆಸ್ಪತ್ರೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅಂಥ ಪಂಪಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಹೆಂಗಸನ್ನು ಆ ಬಡಾವಣೆಯೆಲ್ಲ ಮೋಟಾರಮ್ಮ ಎಂದು ಕರೆಯುತ್ತಿತ್ತು. ಹೆತ್ತವರು ಇಟ್ಟ ಹೆಸರು ಅವಳ ಗಂಡನಿಗಾದರೂ ನೆನಪಿದೆಯೋ ಇಲ್ಲವೋ, ದೇವರೇ ಬಲ್ಲ. ದರ್ಜಿಯಾದ ಆತ ಕೂಡ ಜಗಳವಾಡುವಾಗ, 'ನೋಡೇ ಮೋಟಾರಮ್ಮ' ಎಂದೇ ಶುರು ಮಾಡುತ್ತಿದ್ದ.

ಈ ವಿದ್ಯೆ ಅವಳಿಗೆ ಬಂದದ್ದು ಅಪ್ಪನಿಂದ. ಅಪ್ಪ ಎಂದರೆ ಪಂಪ್ ಮೇಸ್ತ್ರಿ. ಆಸ್ಪತ್ರೆ ಕಟ್ಟಿದ ಕಾಲದಲ್ಲಿ ಈ ಪಂಪನ್ನು ಕೂರಿಸಿದವರೂ ಅವರೇ, ಅಲ್ಲಿಂದ ಇಲ್ಲಿಯವರೆಗೆ ಮಗುವಿನ ಹಾಗೆ ನೋಡಿಕೊಂಡು ಬಂದವರೂ ಅವರೇ. ಮಂಡಿ ಹಿಡಿದುಕೊಂಡ ಮೇಲೆ ಕೆಲಸವನ್ನೆಲ್ಲ ಮಗಳಿಗೆ ಬಿಟ್ಟರು, ಇದೊಂದು ಪಂಪಿನ ಬೆಳಗಿನ ತಪಾಸಣೆಯನ್ನು ಬಿಟ್ಟು. ಹೆಂಡತಿ ತೀರಿಕೊಂಡ ಮೇಲಂತೂ ಮೇಸ್ತ್ರಿಗೆ ಊಟ ಬೇಡ, ಮಾತು ಬೇಡ, ಮಗಳ ಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಮುಗಿಯಿತು. ಆದರೆ ಬೆಳಕು ಹರಿಯುವ ಹೊತ್ತಿಗೆ ಯಾರೂ ಎಬ್ಬಿಸದೆ ಎದ್ದು, ಮುಖ ತೊಳೆದು, ಅಂಗಿ ಹಾಕಿ, ಸೊಂಟಕ್ಕೆ ಸ್ಪ್ಯಾನರ್ ಸಿಕ್ಕಿಸಿಕೊಂಡು ಆಸ್ಪತ್ರೆಯ ಹಿಂಬಾಗಿಲಿಗೆ ಹೊರಡುತ್ತಿದ್ದರು. ಪಂಪಿನ ಮೈ ಮುಟ್ಟಿ, ಜಾಯಿಂಟುಗಳನ್ನೆಲ್ಲ ಬಿಗಿ ನೋಡಿ, ವಾಪಸು ಬಂದು ಕಾಫಿ ಕೇಳುತ್ತಿದ್ದರು. ಆ ಕಾಫಿಯ ಜೊತೆ ಎರಡು ತುತ್ತು ತಿಂಡಿಯೂ ಒಳಗೆ ಹೋಗುತ್ತಿತ್ತು. ಅಪ್ಪನ ಜೀವ ಈ ಪಂಪಿನ ಮೇಲೆ ನಿಂತಿದೆ ಎಂದು ಮೋಟಾರಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಈಗ ನೋಡಿದರೆ ಪಂಪೇ ಕೈಕೊಡುತ್ತಿದೆ.

ಮೊದಲ ಸಲ ಕೆಟ್ಟಾಗ ಅವಳು ತಲೆ ಕೆಡಿಸಿಕೊಂಡಿರಲಿಲ್ಲ. ನೆಲದೊಳಗಿನ ಸಂಪಿನಿಂದ ನೀರನ್ನು ಮೇಲಕ್ಕೆ ಎಳೆಯಬೇಕಾದರೆ ಪಂಪಿನ ಹೊಟ್ಟೆ ಮತ್ತು ಸಂಪಿಗೆ ಇಳಿದ ಪೈಪು ಎರಡೂ ಮೊದಲೇ ನೀರು ತುಂಬಿಕೊಂಡಿರಬೇಕು. ಹೊಟ್ಟೆಯಲ್ಲಿ ಗಾಳಿಯಿದ್ದರೆ ಪಂಪು ಆ ಗಾಳಿಯನ್ನೇ ಕಡೆಯುತ್ತಾ ಕೂರುತ್ತದೆ, ನೀರು ಹತ್ತುವುದಿಲ್ಲ. ಹಾಗೆ ನೀರು ತುಂಬಿಸುವುದಕ್ಕೇ ಪ್ರೈಮಿಂಗ್ ಅನ್ನುವುದು. ತುಂಬಿದ ನೀರು ಮತ್ತೆ ಸಂಪಿಗೆ ಇಳಿದುಹೋಗದ ಹಾಗೆ ಪೈಪಿನ ತುದಿಯಲ್ಲಿ ಒಂದು ಬಾಗಿಲಿರುತ್ತದೆ. ನೀರು ಒಳಗೆ ಬರಲು ಬಿಡುತ್ತದೆ, ಹೊರಗೆ ಹೋಗಲು ಬಿಡುವುದಿಲ್ಲ. ಅದೇ ಫುಟ್‌ವಾಲ್ವ್. ಆ ದಿನ ಅವಳು ಪಂಪಿನ ನೆತ್ತಿಯ ಪ್ಲಗ್ ತೆಗೆದು, ಆಲಿಕೆ ಇಟ್ಟು ಒಂದು ಬಕೆಟ್ ನೀರು ಸುರಿದಳು. ಎಲ್ಲಿ ಹೋಯಿತೋ ಹೋಯಿತು. ಇನ್ನೊಂದು ಬಕೆಟ್, ಅದೂ ಹೋಯಿತು. ತುಂಬುವ ಮಾತೇ ಇಲ್ಲ.

"ಬಾಗಿಲು ಹಾಕ್ಕೊಂಡಿಲ್ಲ ಕಣಪ್ಪ ಇದು," ಎಂದು ತನ್ನಷ್ಟಕ್ಕೇ ಗೊಣಗಿ, ಪೈಪನ್ನು ಸಂಪಿನಿಂದ ಮೇಲಕ್ಕೆಳೆದು ನೋಡಿದರೆ ಫುಟ್‌ವಾಲ್ವಿನ ರಬ್ಬರು ಬಿಲ್ಲೆಯ ಕೆಳಗೆ ಸಿಮೆಂಟಿನ ಒಂದು ಹರಳು ಸಿಕ್ಕಿಕೊಂಡಿತ್ತು. ರಬ್ಬರೂ ಸವೆದಿತ್ತು. ಹರಳು ತೆಗೆದು, ಹೊಸ ರಬ್ಬರು ಹಾಕಿ, ವಾಲ್ವನ್ನು ತಲೆಕೆಳಗು ಮಾಡದೆ ನೆಟ್ಟಗೆ ಹಿಡಿದು ಮೇಲಿಂದ ನೀರು ಹೊಯ್ದು, ಹನಿಯೂ ಸೋರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಮತ್ತೆ ಇಳಿಬಿಟ್ಟು, ಜಾಯಿಂಟುಗಳನ್ನೆಲ್ಲ ಬಿಗಿ ಮಾಡಿದಳು. ಪಂಪು ಗಟಗಟನೆ ನೀರೆತ್ತಿತು. ಆಯಾ ಒಬ್ಬಳು ಟೀ ತಂದುಕೊಟ್ಟಳು, ಎಲ್ಲ ಸುಖವಾಗಿ ಮುಗಿಯಿತು.

ಎಲ್ಲಿ ಮುಗಿಯಿತು, ಮಣ್ಣು! ವಾರ ತುಂಬುವುದರೊಳಗೆ ಮತ್ತೆ ಫೋನು. ಈ ಸಲ ಬೇರೆ ವರಸೆ. ಸ್ವಿಚ್ಚು ಹಾಕಿದರೆ ಮೊದಲು ನೀರು ಹತ್ತುತ್ತದೆ, ಆಮೇಲೆ ಪೈಪು ಬುಸ್ ಬುಸ್ ಎಂದು ಉಗುಳಿ ನಿಂತುಬಿಡುತ್ತದೆ. ಯಾರೂ ಗಮನಿಸದೆ ಖಾಲಿ ಓಡಿ ಓಡಿ ಪಂಪಿನ ಮೈ ಕೈಯಿಡಲಾಗದಷ್ಟು ಕಾದಿತ್ತು. ಆರಿದ ಮೇಲೆ ಅವಳು ನೀರು ಹೊಯ್ದು ನೋಡಿದಳು. ಆಲಿಕೆಯಲ್ಲಿ ನೀರು ನಿಂತಲ್ಲೇ ನಿಂತಿತು, ಇಳಿಯಲಿಲ್ಲ. ಅಂದಮೇಲೆ ಫುಟ್‌ವಾಲ್ವಿನ ತಪ್ಪಿಲ್ಲ, ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ. ಮೋಟಾರಿನಿಂದ ಪಂಪಿನೊಳಕ್ಕೆ ಹೋಗುವ ಶಾಫ್ಟಿನ ಸುತ್ತ ಗಾಳಿ ನುಗ್ಗದ ಹಾಗೆ ತುರುಕಿದ ಹಗ್ಗ ಹಳತಾಗಿರಬೇಕು ಎಂದು ಅದನ್ನು ಕಿತ್ತು ಹೊಸದು ಹಾಕಿದಳು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಹಾಗಾಯಿತು. ಪಂಪು ಮತ್ತೆ ಬುಸ್ ಅಂದಿತು.

ಕೊನೆಗೆ ಅಪ್ಪ ಕಲಿಸಿದ ಉಪಾಯವನ್ನೇ ಹಿಡಿದಳು. ಬಟ್ಟೆ ಸೋಪನ್ನು ಚೆನ್ನಾಗಿ ನೊರೆ ಮಾಡಿ, ಪಂಪು ನೀರೆಳೆಯುತ್ತಿರುವ ಆ ಸ್ವಲ್ಪ ಹೊತ್ತಿನಲ್ಲೇ ಒಂದೊಂದು ಜಾಯಿಂಟಿಗೂ ಬಳಿಯುತ್ತಾ ಬರಬೇಕು. ನೀರು ತಪ್ಪಿದ ಮೇಲೆ ಬಳಿದು ಪ್ರಯೋಜನವಿಲ್ಲ, ಆಗ ಎಳೆತವೇ ಇರುವುದಿಲ್ಲ. ಎಲ್ಲಿ ಸಂದಿದೆಯೋ ಅಲ್ಲಿ ನೊರೆಯನ್ನು ಪೈಪು ಒಳಕ್ಕೆ ನುಂಗುತ್ತದೆ. ಮೊಣಕೈ ಬೆಂಡಿನ ಹತ್ತಿರ ನೊರೆ ಹಾಗೇ ಕೂತಿತು. ಪಂಪಿನ ಬಾಯಿಯ ಹತ್ತಿರವೂ ಕೂತಿತು. ನಡುವೆ ಎರಡು ಪೈಪುಗಳನ್ನು ಕೂಡಿಸುವ ದಪ್ಪ ನಟ್ಟು, ಯೂನಿಯನ್ ಅನ್ನುತ್ತಾರಲ್ಲ, ಅದರ ಅಂಚಿನಲ್ಲಿ ನೊರೆ ಸರ್ರನೆ ಮಾಯವಾಯಿತು. ಸ್ಪ್ಯಾನರ್ ಹಾಕಿದರೆ ನಟ್ಟು ಸಲೀಸಾಗಿ ತಿರುಗಿತು. ಸಡಿಲ!

"ನಾನೇ ಅಲ್ವಾ ಬಿಗಿ ಮಾಡಿದ್ದು?" ಎಂದು ಅವಳಿಗೆ ನಾಚಿಕೆಯಾಯಿತು. ಮೋಟಾರಿನ ನಡುಕಕ್ಕೆ ಸಡಿಲವಾಗಿರಬೇಕು ಎಂದು ಸಮಾಧಾನ ಹೇಳಿಕೊಂಡು, ಒಳಗಿನ ವಾಷರನ್ನೂ ಬದಲಿಸಿ, ಹಲ್ಲು ಕಚ್ಚಿ ಬಿಗಿ ಮಾಡಿದಳು.

ಮನೆಗೆ ಬಂದು ಹೇಳಿದರೆ ಮೇಸ್ತ್ರಿ ಹಾಸಿಗೆಯಲ್ಲೇ ಎದ್ದು ಕೂತರು. "ನಡುಕಕ್ಕೆ ಯೂನಿಯನ್ ಸಡಿಲ ಆಗುತ್ತೇನೇ? ನನ್ನ ಜನ್ಮದಲ್ಲಿ ಆಗಿಲ್ಲ. ನಾನು ದಿನಾ ಬೆಳಿಗ್ಗೆ ಬಿಗಿ ನೋಡಿ ಬರ್ತೀನಿ."

"ಅದೇ ನನಗೂ ಆಶ್ಚರ್ಯ ಅಪ್ಪ. ನೀನು ದಿನಾ ನೋಡ್ತೀಯ, ಆದ್ರೂ ಸಡಿಲ ಆಗುತ್ತೆ."

"ನೀನು ಕೈಗೆ ಬಳೆ ತೊಟ್ಕೊಂಡು ಮುದ್ದಾಗಿ ತಿರುಗಿಸಿರ್ತೀಯ. ಇನ್ನೇನು!" ಎಂದು ಮೇಸ್ತ್ರಿ ನಕ್ಕರು. ಬಹಳ ದಿನಗಳ ಮೇಲೆ ಅಪ್ಪ ನಕ್ಕದ್ದು ಕಂಡು ಮೋಟಾರಮ್ಮನಿಗೆ ಬೈಸಿಕೊಂಡದ್ದೂ ಹಿತವಾಯಿತು.

ಮೂರನೆಯ ಸಲ ಕೆಟ್ಟಾಗ ಮಾತ್ರ ಯಾರೂ ಟೀ ಕೊಡಲಿಲ್ಲ. ಆಸ್ಪತ್ರೆಯ ನರ್ಸುಗಳಿಗೆಲ್ಲ ಹಿರಿಯರಾದ ದೊಡ್ಡ ಸಿಸ್ಟರ್ ತಾವೇ ಶೆಡ್ಡಿನ ಬಾಗಿಲಿಗೆ ಬಂದು ನಿಂತರು. ಜೋರು ಮಾತಾಡುವ ಹೆಂಗಸಲ್ಲ ಅವರು, ಮೆಲ್ಲಗೆ ಮಾತಾಡಿ ಎದೆ ನಡುಗಿಸುವವರು.

"ನೋಡಮ್ಮ, ಇದು ಛತ್ರ ಅಲ್ಲ, ಹೆರಿಗೆ ಆಸ್ಪತ್ರೆ. ಇವತ್ತು ಬಾಣಂತಿಯರಿಗೆ ಕೈ ತೊಳೆಯೋಕೂ ನೀರಿರಲಿಲ್ಲ, ಟ್ಯಾಂಕರ್ ತರಿಸಿದ್ವಿ. ಮೇಸ್ತ್ರಿಯವರ ಮೇಲೆ ನನಗೆ ಗೌರವ ಇದೆ. ಆದ್ರೆ ಇನ್ನೊಂದು ಸಲ ಹೀಗಾದ್ರೆ ಪಂಪಿನ ಕೆಲಸ ಕಂಪನಿಯವರಿಗೆ ಕೊಟ್ಟುಬಿಡ್ತೀನಿ. ಅವರು ಶೆಡ್ಡಿಗೆ ಅವರದ್ದೇ ಬೀಗ ಹಾಕ್ತಾರೆ. ಆಮೇಲೆ ನಿಮ್ಮಪ್ಪನೂ ಬರೋ ಹಾಗಿಲ್ಲ."

ಮೋಟಾರಮ್ಮನಿಗೆ ತನ್ನ ಕೆಲಸ ಹೋಗುವ ಚಿಂತೆಯಾಗಲಿಲ್ಲ. ಬಡಾವಣೆಯಲ್ಲಿ ಕೆಟ್ಟ ಪಂಪುಗಳಿಗೆ ಬರವೇ? ಬೀಗ ಹಾಕಿದ ಶೆಡ್ಡಿನ ಮುಂದೆ ಸೊಂಟದಲ್ಲಿ ಸ್ಪ್ಯಾನರ್ ಸಿಕ್ಕಿಸಿಕೊಂಡು ನಿಂತ ಅಪ್ಪ ಕಣ್ಣಿಗೆ ಕಟ್ಟಿದರು. ಆಮೇಲೆ ಅವರು ಹಾಸಿಗೆ ಬಿಟ್ಟು ಏಳುವುದಿಲ್ಲ.

ಅವತ್ತೂ ಅದೇ ಯೂನಿಯನ್, ಮತ್ತೆ ಕಾಲು ಸುತ್ತು ಸಡಿಲ. ಅವಳು ಬಿಗಿ ಮಾಡಿದಳು. ಮಾಡಿ, ಸುಮ್ಮನೆ ಏಳದೆ, ಮಗಳ ಉಗುರುಬಣ್ಣದ ಶೀಶೆಯನ್ನು ಚೀಲದಿಂದ ತೆಗೆದು ನಟ್ಟಿನಿಂದ ಪೈಪಿನವರೆಗೆ ಕೆಳಭಾಗದಲ್ಲಿ ಒಂದು ಕೆಂಪು ಗೆರೆ ಎಳೆದಳು. ನಟ್ಟು ಕೂದಲೆಳೆಯಷ್ಟು ಅಲುಗಿದರೂ ಗೆರೆ ಮುರಿಯಬೇಕು. ಮಾರನೆಯ ದಿನ ಮಧ್ಯಾಹ್ನ ಹೋಗಿ ಬಗ್ಗಿ ನೋಡಿದಳು.

ಗೆರೆ ಎರಡಾಗಿತ್ತು. ನಟ್ಟಿನ ಮೇಲಿನ ತುಂಡು ಒಂದು ಕಡೆ, ಪೈಪಿನ ಮೇಲಿನ ತುಂಡು ಇನ್ನೊಂದು ಕಡೆ, ನಡುವೆ ಬೆರಳಗಲ ದೂರ. ಒಂದೇ ದಿನದಲ್ಲಿ! ನಟ್ಟಿನ ಮೂಲೆಯಲ್ಲಿ ಸ್ಪ್ಯಾನರ್ ಕಚ್ಚಿದ ಹೊಳಪು. ಇದು ನಡುಕವಲ್ಲ, ಯಾರದೋ ಕೈ. ಅಯ್ಯೋ ಪಾಪಿ, ಹೆರುವ ಹೆಂಗಸರ ನೀರಿಗೆ ಕೈ ಹಾಕುವವರೂ ಇದ್ದಾರೆಯೇ? ಮಾಡುವುದಕ್ಕೆ ಬೇರೆ ಪಾಪ ಸಿಗಲಿಲ್ಲವೇ?

ಬಿಗಿ ಮಾಡಿ ನೇರವಾಗಿ ಹೋದದ್ದು ಟ್ಯಾಂಕರಿನವನ ಹತ್ತಿರ. ಪಂಪು ಕೆಟ್ಟರೆ ಲಾಭ ಯಾರಿಗೆ, ಅವನಿಗೇ ತಾನೆ! ಆತ ಟ್ಯಾಂಕರಿನ ಕೆಳಗೆ ಚಾಪೆ ಹಾಸಿ ನಿದ್ದೆ ಹೊಡೆಯುತ್ತಿದ್ದ. ಕಾಲು ಹಿಡಿದು ಎಳೆದಳು.

"ಏನ್ರೀ, ಮರ್ಯಾದೆ ಇದೆಯಾ ನಿಮಗೆ? ನೀರು ಮಾರೋದಕ್ಕೆ ಬಾಣಂತಿಯರ ಪಂಪ್ ಬಿಚ್ತೀರಾ?"

ಆತ ಎದ್ದವನೇ ತಲೆಯನ್ನು ಟ್ಯಾಂಕರಿಗೆ ಹೊಡೆಸಿಕೊಂಡ. "ಅಕ್ಕಾ, ನನ್ನ ಮಗು ಹುಟ್ಟಿದ್ದೂ ಅಲ್ಲೇ ಕಣಕ್ಕಾ! ನಿಮ್ಮಪ್ಪನ ಕಣ್ಣು ತಪ್ಪಿಸಿ ಆ ಶೆಡ್ಡಿಗೆ ಇಲಿಯಾದ್ರೂ ಹೋಗುತ್ತಾ? ಬೆಳಿಗ್ಗೆ ಬೆಳಿಗ್ಗೆ ಅಲ್ಲೇ ಇರ್ತಾರೆ. ಅವರನ್ನೇ ಕೇಳು, ಯಾರು ಬಂದಿದ್ರು ಅಂತ."

ಹಣೆ ಉಜ್ಜಿಕೊಳ್ಳುತ್ತಾ ಕೂತ ಮನುಷ್ಯನ ಮುಖದಲ್ಲಿ ಕಪಟ ಕಾಣಲಿಲ್ಲ. ಮೋಟಾರಮ್ಮ ಅವನ ಚಾಪೆಯನ್ನು ಸರಿಮಾಡಿ ಹಾಸಿ ಮನೆಗೆ ಬಂದಳು.

ಕೆಂಪು ಗೆರೆ, ಟ್ಯಾಂಕರಿನವನ ಜೊತೆ ಆದ ಜಗಳ ಎರಡನ್ನೂ ಕೇಳಿದ ಮೇಸ್ತ್ರಿ ಹೊದಿಕೆ ಕಿತ್ತೊಗೆದು ಎದ್ದು ನಿಂತರು. ಸಿಟ್ಟಿಗೆ ಮುಖ ಕೆಂಪಾಯಿತು. "ಯಾವನವನು? ನನ್ನ ಪಂಪಿಗೆ ಕೈ ಹಾಕೋನು ಯಾವನು? ಸಿಗಲಿ, ಅವನ ಕೈ ಮುರಿದು ಸಂಪಿಗೆ ಹಾಕ್ತೀನಿ!" ಎಂದು ಕೂಗಾಡಿದರು. ಆಮೇಲೆ ಇದ್ದಕ್ಕಿದ್ದ ಹಾಗೆ ಸುಮ್ಮನಾಗಿ, "ಊಟ ಆಯ್ತಾ ನಂದು?" ಎಂದು ಕೇಳಿದರು. ಆಗಲೇ ಆಗಿತ್ತು. ಸಿಟ್ಟಿನಲ್ಲಿ ಮರೆತಿರಬೇಕು ಎಂದುಕೊಂಡಳು ಮಗಳು.

ಮಾರನೆಯ ಬೆಳಿಗ್ಗೆ ಅಪ್ಪ ಏಳುವುದಕ್ಕೂ ಮುಂಚೆ ಅವಳು ಶೆಡ್ಡಿಗೆ ಬಂದು, ಖಾಲಿ ಡ್ರಮ್ಮುಗಳ ಹಿಂದೆ ಮುದುಡಿ ಕೂತಳು. ಕೈಯಲ್ಲಿ ಪೈಪು ತಿರುಗಿಸುವ ದೊಡ್ಡ ಪಾನಾ. ಕಳ್ಳ ಬಂದರೆ ಅಪ್ಪ ಬರುವುದಕ್ಕೆ ಮೊದಲೇ ಬರಬೇಕು ಅಥವಾ ಹೋದ ಮೇಲೆ ಬರಬೇಕು ಎಂಬ ಲೆಕ್ಕಾಚಾರ ಅವಳದು. ಸಂಪಿನ ಮುಚ್ಚಳದ ಸಂದಿಯಿಂದ ತಣ್ಣನೆಯ ವಾಸನೆ ಬರುತ್ತಿತ್ತು. ಮೇಲೆ ವಾರ್ಡಿನಲ್ಲಿ ಒಂದು ಎಳೆಗೂಸು ಅತ್ತು ಸುಮ್ಮನಾಯಿತು. ಕಾಲು ಜೋಮು ಹಿಡಿದರೂ ಅವಳು ಅಲುಗಲಿಲ್ಲ.

ಬಾಗಿಲು ಕಿರ್ ಎಂದಿತು. ಬಂದದ್ದು ಅಪ್ಪ.

ಅಬ್ಬ ಎಂದು ಉಸಿರು ಬಿಟ್ಟಳು. ಎದ್ದು ಮಾತಾಡಿಸಬೇಕು ಎನ್ನುವಷ್ಟರಲ್ಲಿ, ಅಪ್ಪ ಒಬ್ಬರೇ ಇದ್ದಾಗ ಪಂಪಿನ ಜೊತೆ ಹೇಗಿರುತ್ತಾರೆ ಎಂದು ನೋಡುವ ಆಸೆಯಾಗಿ ಹಾಗೇ ಕೂತಳು. ಮೇಸ್ತ್ರಿ ಪಂಪಿನ ಮೈ ಸವರಿದರು. "ಏನಮ್ಮ, ಹೇಗಿದ್ದೀಯ?" ಎಂದರು. ಅಡಿಪಾಯದ ಬೋಲ್ಟುಗಳನ್ನು ಬೆರಳಿನಲ್ಲಿ ಮುಟ್ಟಿ ನೋಡಿದರು. ಆಮೇಲೆ ಯೂನಿಯನ್ ಹತ್ತಿರ ಬಂದು, ಯಾವಾಗಲೂ ನಿಲ್ಲುವ ಕಡೆಯೇ ನಿಂತು, ಸೊಂಟದ ಸ್ಪ್ಯಾನರ್ ತೆಗೆದು ನಟ್ಟಿಗೆ ಕಚ್ಚಿಸಿ, ತುಟಿ ಬಿಗಿಹಿಡಿದು ತಿರುಗಿಸಿದರು.

ಎಡಕ್ಕೆ.

ಮೋಟಾರಮ್ಮ ಡ್ರಮ್ಮಿನ ಅಂಚಿನಿಂದ ಕತ್ತು ಚಾಚಿದಳು. ತಾನು ನೋಡಿದ್ದು ತಪ್ಪಿರಬೇಕು, ಆ ಕಡೆಯಿಂದ ನೋಡಿದರೆ ಎಡ ಬಲವಾಗುತ್ತದಲ್ಲ? ಇಲ್ಲ, ಬಿಗಿ ಮಾಡುವವರು ನಿಲ್ಲಬೇಕಾದ ನಟ್ಟಿನ ಬೆನ್ನಿನ ಕಡೆಯೇ ಅಪ್ಪ ನಿಂತಿದ್ದಾರೆ, ತಾನೂ ಅದೇ ಕಡೆ ಕೂತಿದ್ದೇನೆ. ನಟ್ಟು ಕಿರ್ ಎಂದು ಬಿಚ್ಚಿಕೊಂಡಿತು. ಬೇಲಿಯೇ ಎದ್ದು ಹೊಲ ಮೇಯುತ್ತಿದೆ!

ಒಂದು ಕ್ಷಣ, ಒಂದೇ ಕ್ಷಣ, ಅವಳ ಮನಸ್ಸಿಗೆ ಕೆಟ್ಟ ಯೋಚನೆ ಬಂತು. ಅಪ್ಪನಿಗೆ ಹೊಟ್ಟೆಕಿಚ್ಚೇ? ಮಗಳ ಕೈ ಸರಿಯಿಲ್ಲ, ಮೇಸ್ತ್ರಿಯೇ ಬರಲಿ ಎಂದು ಜನ ಹೇಳಲಿ ಅಂತಲೇ? ಮೈಯೆಲ್ಲ ಉರಿದು ಡ್ರಮ್ಮನ್ನು ತಳ್ಳಿ ಎದ್ದು ನಿಂತಳು.

"ಅಪ್ಪಾ!"

ಮೇಸ್ತ್ರಿ ಬೆಚ್ಚಲಿಲ್ಲ, ಮುಚ್ಚಿಕೊಳ್ಳಲಿಲ್ಲ. ತಿರುಗಿ ನೋಡಿದ ಮುಖ ಅರಳಿತು. "ಬಂದ್ಯಾ? ಒಳ್ಳೇದಾಯ್ತು. ಬಾ, ನೋಡು. ಆ ಕಳ್ಳ ನನ್ ಮಗ ಬರೋದ್ರೊಳಗೆ ಗಟ್ಟಿಯಾಗಿ ಬಿಗಿ ಮಾಡಿಬಿಡ್ತಾ ಇದ್ದೀನಿ."

"ಯಾವ ಕಡೆಗಪ್ಪ ಬಿಗಿ ಮಾಡೋದು?" ಅವಳ ಧ್ವನಿ ಅವಳಿಗೇ ಬೇರೆಯವರದೆನಿಸಿತು.

"ಇದೇನೇ ಪ್ರಶ್ನೆ! ಲಂಗ ಹಾಕೋ ವಯಸ್ಸಲ್ಲಿ ಹೇಳಿಕೊಟ್ಟಿದ್ದು ಮರೆತ್ಯಾ? ಬಲಕ್ಕೆ ಬಿಗಿ, ಎಡಕ್ಕೆ ಸಡಿಲ." ಎಂದು, ಪಾಠ ಒಪ್ಪಿಸುವ ಹಾಗೆ ಸ್ಪಷ್ಟವಾಗಿ ಹೇಳುತ್ತಾ, ಸ್ಪ್ಯಾನರನ್ನು ಇನ್ನೊಂದು ಸಲ ಎಡಕ್ಕೆ ಎಳೆದರು. "ಬಲಕ್ಕೆ ಬಿಗಿ. ನೋಡು, ಹೀಗೆ."

ಬಾಯಿಗೆ ಗೊತ್ತಿದೆ, ಕೈಗೆ ಗೊತ್ತಿಲ್ಲ. ಈ ಬಡಾವಣೆಯ ಪ್ರತಿಯೊಂದು ಸಂಪಿಗೂ ಇಳಿದ ಕೈ, ಕತ್ತಲಲ್ಲಿ ಮುಟ್ಟಿಯೇ ನಟ್ಟಿನ ಅಳತೆ ಹೇಳುತ್ತಿದ್ದ ಕೈ, ಬಲ ಯಾವುದು ಎಂದು ಮರೆತುಬಿಟ್ಟಿದೆ. ದಿನಾ ಬಂದು, ದಿನಾ ಬಿಗಿ ಮಾಡುತ್ತಿದ್ದೇನೆ ಎಂದುಕೊಂಡು, ಪ್ರೀತಿಯಿಂದ ಬಿಚ್ಚಿ ಹೋಗಿದೆ. ನಿನ್ನೆ ಊಟವಾಯಿತಾ ಎಂದು ಕೇಳಿದ್ದೂ ಸಿಟ್ಟಿನ ಮರೆವಲ್ಲ, ಇದೇ ಮರೆವು. ಹೊಟ್ಟೆಕಿಚ್ಚಾದರೂ ಆಗಿದ್ದರೆ! ಜಗಳವಾಡಿ ಸರಿಮಾಡಿಕೊಳ್ಳಬಹುದಿತ್ತು.

ಬಾಗಿಲಲ್ಲಿ ನೆರಳು ಬಿತ್ತು. ದೊಡ್ಡ ಸಿಸ್ಟರ್. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಅವರ ಕಣ್ಣು ಮೇಸ್ತ್ರಿಯ ಕೈ ಮೇಲಿತ್ತು. "ಟ್ಯಾಂಕ್ ತಳ ಕಂಡಿದೆ," ಎಂದರು. "ಒಳಗೆ ಹೆರಿಗೆ ಆಗ್ತಾ ಇದೆ. ಮೋಟಾರ್ ಹಾಕೋಕೆ ಹೇಳೋಣ ಅಂತ ಬಂದೆ."

"ಅದಕ್ಕೇನು ಸಿಸ್ಟರ್!" ಎಂದು ಮೇಸ್ತ್ರಿ ಉತ್ಸಾಹದಿಂದ, ಮಗಳು ಬೇಡ ಎನ್ನುವುದರೊಳಗೆ, ಸ್ವಿಚ್ಚು ಹಾಕಿಯೇಬಿಟ್ಟರು.

ಪಂಪು ಓಡಿತು. ಪೈಪಿನಲ್ಲಿ ನೀರು ಹತ್ತುವ ಭಾರವಾದ ಸದ್ದು ಬಂತು. ಆಮೇಲೆ ಸದ್ದು ತೆಳ್ಳಗಾಯಿತು, ಪೊಳ್ಳಾಯಿತು, ಬುಸ್ ಅಂದಿತು. ಮೇಸ್ತ್ರಿಯ ಕಿವಿ ನಿಮಿರಿತು. ಅವರೇ ಸ್ವಿಚ್ಚು ಆರಿಸಿದರು.

"ಗಾಳಿ ಎಳೀತಿದೆ! ಒಂದು ನಿಮಿಷ ಸಿಸ್ಟರ್. ಮಗಳೇ, ಪ್ಲಗ್ ತೆಗಿ. ನೀರು ಹಾಕು."

ಅವಳು ಯಂತ್ರದ ಹಾಗೆ ಪ್ಲಗ್ ಬಿಚ್ಚಿ, ಆಲಿಕೆಯಿಟ್ಟು ನೀರು ಸುರಿದಳು. ಗುಳುಗುಳು ಎಂದು ಗಾಳಿಗುಳ್ಳೆಗಳು ಎದ್ದವು. ಮೇಸ್ತ್ರಿ ಬಗ್ಗಿ ನೋಡುತ್ತಾ, "ಅವಸರ ಬೇಡ, ಗಾಳಿ ಪೂರ್ತಿ ಹೊರಗೆ ಬರಲಿ. ಹಾಂ. ನಿಂತಿತು ನೋಡು ನೀರು, ಇಳೀತಾ ಇಲ್ಲ. ಫುಟ್‌ವಾಲ್ವ್ ಸರಿ ಇದೆ, ಅದರ ತಂಟೆಗೆ ಹೋಗಬೇಡ. ಪ್ಲಗ್ ಹಾಕಿ ನೊರೆ ತಗೊಂಡು ಬಾ," ಎಂದರು. ಒಂದು ಮಾತೂ ತಪ್ಪಿಲ್ಲ, ಹೆಜ್ಜೆಯೂ ತಪ್ಪಿಲ್ಲ. ಅವಳು ನೊರೆ ತಂದಳು. ಸ್ವಿಚ್ಚು ಹಾಕಿ, ನೀರು ಹತ್ತುತ್ತಿರುವಾಗಲೇ ಮೇಸ್ತ್ರಿ ತಾವೇ ಬೆಂಡಿಗೆ ಬಳಿದರು, ಪಂಪಿನ ಬಾಯಿಗೆ ಬಳಿದರು, ಯೂನಿಯನ್ನಿಗೆ ಬಳಿದರು. ಅಲ್ಲಿ ನೊರೆ ಸರ್ರನೆ ಒಳಗೆ ಹೋಯಿತು.

ಸ್ವಿಚ್ಚು ಆರಿತು. ಮೇಸ್ತ್ರಿ ನಟ್ಟನ್ನು ಬರಿಗೈಯಲ್ಲಿ ಹಿಡಿದು ಅಲುಗಿಸಿದರು. ಅಲುಗಿತು. ಅವರ ಬಾಯಿ ತೆರೆದುಕೊಂಡಿತು.

"ಸಡಿಲ ಇದೆ," ಎಂದರು ಪಿಸುಮಾತಿನಲ್ಲಿ. "ಈಗ ತಾನೇ ನಾನು ಬಿಗಿ ಮಾಡಿದ್ದೆ. ಮಗಳೇ, ಈಗ ತಾನೇ ಅಲ್ವಾ? ಇಲ್ಲಿ ನಾವು ಬಿಟ್ಟು ಯಾರೂ ಬಂದಿಲ್ಲ." ಕಣ್ಣು ಮಗಳ ಮುಖದಿಂದ ಸ್ಪ್ಯಾನರಿಗೆ, ಸ್ಪ್ಯಾನರಿನಿಂದ ತಮ್ಮ ಅಂಗೈಗೆ ಹೋಯಿತು. ಅಂಗೈಯಲ್ಲೇ ನಿಂತಿತು. "ಯಾರು ಮಾಡಿದ್ದು ಇದು?"

ಅಪ್ಪನ ಮುಖದಲ್ಲಿ ಅಂಥ ಭಯವನ್ನು ಅವಳು ಹುಟ್ಟಿದ ಮೇಲೆ ಕಂಡಿರಲಿಲ್ಲ. ತುಂಬಿದ ಸಂಪಿನೊಳಗೆ ಹಗ್ಗ ಕಟ್ಟಿಕೊಂಡು ಇಳಿದಾಗಲೂ ಕಂಡಿರಲಿಲ್ಲ. ಇನ್ನೊಂದು ಕ್ಷಣ ಬಿಟ್ಟರೆ ಅವರಿಗೆ ಉತ್ತರ ತಾನಾಗಿ ಸಿಕ್ಕಿಬಿಡುತ್ತದೆ.

"ನಾನೇ ಅಪ್ಪ," ಎಂದಳು.

"ಏನು?"

"ನಾನೇ. ನೀನು ಬಿಗಿ ಮಾಡಿದ ಮೇಲೆ ನಾನೂ ಒಂದು ಕೈ ನೋಡೋಣ ಅಂತ ತಿರುಗಿಸ್ತಿದ್ದೆ, ದಿನಾ ಮಧ್ಯಾಹ್ನ. ಇವತ್ತು ಪ್ಲಗ್ ತೆಗೆಯೋವಾಗ ತಿರುಗಿಸಿದೆ. ಆ ಕಡೆ ನಿಂತು ತಿರುಗಿಸ್ತಿದ್ದೆ ಅನ್ಸುತ್ತೆ. ಎಡ ಬಲ ಗೊತ್ತಾಗಲಿಲ್ಲ."

ಇಂಥ ಪೆದ್ದು ಮಾತನ್ನು ಬೇರೆ ಯಾರು ಹೇಳಿದ್ದರೂ ಅವಳೇ ನಕ್ಕುಬಿಡುತ್ತಿದ್ದಳು. ನೀರು ಸುರಿಯುತ್ತಿದ್ದವಳು ನಟ್ಟು ಯಾವಾಗ ಮುಟ್ಟಿದಳು? ಮೇಸ್ತ್ರಿ ಅದನ್ನೆಲ್ಲ ಕೇಳಲಿಲ್ಲ. ಮುಖದ ಮೇಲಿನ ಭಯ ಮಂಜಿನ ಹಾಗೆ ಕರಗಿತು, ಅದರ ಜಾಗಕ್ಕೆ ಸಿಟ್ಟು ಬಂತು.

"ಥೂ ನಿನ್ನ! ಎಡ ಬಲ ಗೊತ್ತಾಗಲಿಲ್ವಂತೆ! ಕತ್ತೆ ವಯಸ್ಸಾಯ್ತು. ಟ್ಯಾಂಕರಿನವನ ಮೇಲೆ ಹೋಗಿ ಕೂಗಾಡಿದ್ಯಲ್ಲೇ, ಅವನ ಮುಖ ಹೇಗೆ ನೋಡೋದು ನಾನು? ಸಿಸ್ಟರ್, ಕೇಳಿದ್ರಾ? ನನ್ನ ಮಗಳೇ ನನ್ನ ಮಾನ ಕಳೆದಳು. ನಿಮ್ಮ ಇಷ್ಟ, ಕಂಪನಿಯವರಿಗೆ ಕೊಡಿ ಈ ಪಂಪನ್ನ. ನನಗೆ ಮುಖ ಇಲ್ಲ."

ಮೋಟಾರಮ್ಮ ಉಸಿರು ಬಿಗಿಹಿಡಿದು ಬಾಗಿಲ ಕಡೆ ನೋಡಿದಳು. ಹೇಳಬೇಡಿ ಎಂದು ಕಣ್ಣಿನಲ್ಲೇ ಬೇಡಿಕೊಂಡಳು. ಅಪ್ಪನ ಕೈಯನ್ನು ಆಕೆ ನೋಡಿದ್ದಾರೆ, ಬಾಯಿಯ ಮಾತನ್ನೂ ಕೇಳಿದ್ದಾರೆ. ದೊಡ್ಡ ಸಿಸ್ಟರ್ ಹೊಸ್ತಿಲು ದಾಟಿ ಒಳಗೆ ಬಂದರು.

"ಕಂಪನಿಯವರು ಯಾಕೆ ಮೇಸ್ತ್ರಿಯವರೇ," ಎಂದರು ಮೆಲ್ಲಗೆ. "ನೀವೇ ಇದ್ದೀರಲ್ಲ. ಮಗಳಿಗೆ ಸರಿಯಾಗಿ ಕಲಿಸಿ, ಸಾಕು. ದಿನಾ ಬೆಳಿಗ್ಗೆ ಇಬ್ಬರೂ ಒಟ್ಟಿಗೇ ಬನ್ನಿ. ಸ್ಪ್ಯಾನರ್ ಅವಳ ಕೈಗೆ ಕೊಟ್ಟು, ನೀವು ಪಕ್ಕದಲ್ಲಿ ನಿಂತು ನೋಡಿ. ನೀವು ಮುಟ್ಟಬೇಡಿ, ಅವಳೇ ಮಾಡಲಿ. ಇಲ್ಲದಿದ್ರೆ ಅವಳು ಕಲಿಯೋದು ಯಾವಾಗ?"

ಮೇಸ್ತ್ರಿ ಸ್ಪ್ಯಾನರನ್ನು ಮಗಳ ಮುಂದೆ ಹಿಡಿದರು. ಆ ಸ್ಪ್ಯಾನರನ್ನು ಅವರು ಹೆಂಡತಿಗೂ ಮುಟ್ಟಲು ಕೊಟ್ಟವರಲ್ಲ.

"ತಗೋ. ಇಲ್ಲಿ ಬಾ, ನಟ್ಟಿನ ಬೆನ್ನಿನ ಕಡೆ ನಿಲ್ಲು. ಕಚ್ಚಿಸು. ಈಗ ಹೇಳು, ಬಿಗಿ ಯಾವ ಕಡೆ?"

"ಬಲಕ್ಕೆ ಅಪ್ಪ."

"ಬಾಯಲ್ಲಿ ಹೇಳಿದ್ರೆ ಆಗಲ್ಲ. ಮಾಡು."

ಅವಳು ಬಲಕ್ಕೆ ತಿರುಗಿಸಿದಳು. ನಟ್ಟು ಕುಂಯ್ ಎಂದು ಬಿಗಿಯಾಯಿತು. "ಇನ್ನೂ ಸ್ವಲ್ಪ. ಹಾಂ, ಸಾಕು. ಸಾಕು ಅಂದ್ನಲ್ಲ, ಇನ್ನೂ ಎಳೆದ್ರೆ ನಟ್ಟಿನ ಥ್ರೆಡ್ ಸವೆಯುತ್ತೆ," ಎಂದು ಗದರಿದರು ಮೇಸ್ತ್ರಿ. ಅದೂ ಸರಿಯಾಗಿಯೇ ಇತ್ತು. ಮತ್ತೆ ನೀರು ತುಂಬಿಸಿ, ಪ್ಲಗ್ ಮುಚ್ಚಿ ಸ್ವಿಚ್ಚು ಹಾಕಿದರು. ಭಾರವಾದ ಸದ್ದು ಬಂತು, ನಿಂತಿತು, ತಪ್ಪಲಿಲ್ಲ. ಮೇಲೆ ಟ್ಯಾಂಕಿನಲ್ಲಿ ನೀರು ಧೋ ಎಂದು ಬೀಳುವುದು ಕೆಳಗಿನವರೆಗೂ ಕೇಳಿಸಿತು. ದೊಡ್ಡ ಸಿಸ್ಟರ್ ಹೆರಿಗೆ ಕೋಣೆಯ ಕಡೆ ಓಡಿದರು.

ಮೋಟಾರಮ್ಮನಿಂದ ಇನ್ನು ತಡೆಯಲಾಗಲಿಲ್ಲ. ಸ್ಪ್ಯಾನರ್ ಹಿಡಿದುಕೊಂಡೇ ಗೋಡೆಗೆ ಒರಗಿ, ಸಣ್ಣ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು.

ಮೇಸ್ತ್ರಿಗೆ ಪಾಪ ಅನ್ನಿಸಿತು. ಬೈದದ್ದು ಹೆಚ್ಚಾಯಿತೇನೋ ಎಂದು ಹತ್ತಿರ ಬಂದು, ಗ್ರೀಸು ಹತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡು ಅವಳ ತಲೆಯ ಮೇಲಿಟ್ಟರು.

"ಅಳಬೇಡ ಕಣೇ ಹುಚ್ಚಿ. ಎಂಥವರ ಕೈಯೂ ಒಂದೊಂದ್ಸಲ ತಪ್ಪುತ್ತೆ. ನಾನು ಇದ್ದೀನಲ್ಲ, ಹೇಳಿಕೊಡ್ತೀನಿ."